ಇದ್ದದ್ದು ಇದ್ದಂಗ ಹೋದ ಹತ್ತಿ

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಶಾಂತಯ್ಯನವರಿಗೆ ವಾಟ್ಸಾಪ್ ಮೇಲೆ ಹಳೆಯ ಸಿಟ್ಟು. ಮಾಲಿನ ವಿಡಿಯೋ ಎಷ್ಟು ಚಂದ ತೆಗೆದರೂ ಪಣಜಿಯಲ್ಲಿ ಹಾಸಿಗೆ-ಗಾದಿ ಮಾಡಿಸಿ ಮಾರುವ ಸಾಹುಕಾರನನ್ನು ತಲುಪುವಷ್ಟರಲ್ಲಿ ಮಂಜು ಕವಿದಂತಾಗುತ್ತಿತ್ತು. "ಈ ವಾಟ್ಸಾಪು ನನ್ನ ಹತ್ತಿ ಮಾನಾ ಕಳ್ಯಾಕತ್ತೈತಿ" ಎಂದು ಅವರು ಗೊಣಗದ ದಿನವಿಲ್ಲ. ಸಾಹುಕಾರ ಮಾತ್ರ ವಿಡಿಯೋ ನೋಡಿಯೇ ಒಪ್ಪುತ್ತಿದ್ದ. ಮಾಲು ಅವನ ಕಣ್ಣಿಗೂ ಬೀಳದೆ ನೇರ ಹೊಲಿಗೆಯವರ ಕಡೆ ಹೋಗಿ ಗಾದಿಯೊಳಗೆ ಸೇರುತ್ತಿತ್ತು.

ಈ ಸಲ ಕೆಲಸವನ್ನು ಸೊಸೆ ರಜನಿಗೆ ವಹಿಸಿದರು.

"ಮಾವಾರ, ವಿಡಿಯೋ ಅಂತ ಕಳಿಸಿದ್ರ ಅದು ಹಿಂಡಿ ಸಣ್ಣದು ಮಾಡ್ತೈತ್ರಿ. ಡಾಕ್ಯುಮೆಂಟ್ ಅಂತ ಕಳಿಸಿದ್ರ ಇದ್ದದ್ದು ಇದ್ದಂಗ ಹೋಗ್ತೈತಿ" ಎಂದಳು ಅವಳು. ಮೊದಲ ಸಲ ಅದೂ ಹೋಗಲಿಲ್ಲ. ಎಂಟು ನಿಮಿಷದ ಫೋರ್‌ಕೆ ವಿಡಿಯೋ ಎರಡು ಜಿಬಿಯ ಮಿತಿ ದಾಟಿತ್ತು. ಅದರಲ್ಲಿದ್ದ ಮಾವನ ಭಾಷಣವನ್ನೆಲ್ಲ ಕತ್ತರಿಸಿ, ಹತ್ತಿಯ ಎರಡು ನಿಮಿಷ ಉಳಿಸಿ ಕಳಿಸಿದಳು. ಹೋಯಿತು.

"ಎಳಿ ಎಳಿ ಎಣಸಬಹುದು ನೋಡವಾ!" ಎಂದು ಶಾಂತಯ್ಯ ಹಿಗ್ಗಿದರು.

ಸಾಹುಕಾರನೂ ಎಣಿಸಿದ್ದ, ಎಳೆಯನ್ನಲ್ಲ. ಅರ್ಧ ಗಂಟೆಯಲ್ಲಿ ಅದೇ ವಿಡಿಯೋದ ಹನ್ನೊಂದು ಸ್ಕ್ರೀನ್‌ಶಾಟ್ ಬಂದವು. ಒಣಗಿದ ಎಲೆಚೂರು, ಒಡೆದ ಬೀಜ, ಹಳದಿ ಕಲೆ, ಎಲ್ಲದಕ್ಕೂ ಕೆಂಪು ಸುತ್ತು. ಕೆಳಗೆ ಒಂದೇ ಸಾಲು: ಇದು ಬೇಡ, ಹಿಂದಿನ ಸಲದ ಬಿಳಿ ಹತ್ತಿ ಇದ್ದರೆ ತೋರಿಸಿ.

ಹಿಂದಿನ ಸಲದ್ದೂ ಇದೇ ರಾಶಿಯದು.

ಶಾಂತಯ್ಯ ದನಿ ಇಳಿಸಿ ಸೊಸೆಯನ್ನು ಕರೆದರು.

"ಇದ ರಾಶಿದು ಇನ್ನೊಂದು ತಗದು, ಬರೇ ವಿಡಿಯೋ ಅಂತ ಕಳಸವಾ. ವಾಟ್ಸಾಪಿನ ಕೆಲಸಾ ವಾಟ್ಸಾಪ್ ಮಾಡ್ಲಿ."