ಹೋಗಣಾ ಮಿಸ್?

“ನಿನ್ ಮಗ ಸತ್ತ ಮೇಲೂ ಲೆಕ್ಕ ಹೇಳ್ತವ್ನೆ. ನೀನು ಬದುಕಿದ್ದೂ ಒಂದೆಳೆ ಹಿಡಿಯಕ್ಕಾಗಲ್ವೇನೇ, ಲೌಡಿ?”

ಹೀಗಂದು ನೂಲು ತೆಗೆಯುವ ಶೆಡ್ಡಿನ ಮಾಲೀಕ ರಮೇಶ್‌ಬಾಬು ನನ್ನ ಬೇಸಿನ್ನನ್ನು ಚಪ್ಪಲಿ ಕಾಲಿನಿಂದ ಒದ್ದ. ರೇಷ್ಮೆಗೂಡು ಕುದಿಯುತ್ತಿದ್ದ ನೀರು ನನ್ನ ಮೊಣಕೈಗೆ ಹಾರಿತು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅದಕ್ಕೂ ಒಂದು ಮಾತು ಅವನ ಬಾಯಲ್ಲಿ ಸಿದ್ಧವಾಗಿರುತ್ತದೆ.

ಗೋಡೆಯ ಮೇಲಿದ್ದ ಸ್ಪೀಕರ್ ಡಬ್ಬಿ ಮಾತಾಡುತ್ತಲೇ ಇತ್ತು. “ಒಂಬತ್ತು ಮೂರ್ಲಿ ಎಷ್ಟು? ಹೇಳಿ ನೋಡಣ.” ಅದು ಅಮೃತ ಮಿಸ್ಸಿನ ದನಿ. ಆಮೇಲೆ ಸ್ವಲ್ಪ ಹೊತ್ತು ಡಬ್ಬಿ ಸುಮ್ಮನಿತ್ತು. ಆ ಸುಮ್ಮನಿದ್ದ ಹೊತ್ತಿನಲ್ಲಿ ರಾಟೆ ತಿರುಗಿಸುತ್ತಿದ್ದ ಮಕ್ಕಳು, ಹುಳ ಆರಿಸುತ್ತಿದ್ದ ಮಕ್ಕಳು, ಎಲ್ಲರೂ ತಲೆ ಎತ್ತದೆ “ಇಪ್ಪತ್ತೇಳು” ಅಂದರು. ಅವರ ಹಿಂದೆಯೇ ಡಬ್ಬಿಯೊಳಗಿಂದ ನನ್ನ ವೇಣು ಹೇಳಿದ. “ಇಪ್ಪತ್ತೇಳು ಮಿಸ್.”

“ಶಭಾಷ್ ಕಣಪ್ಪ,” ಅಂದಿತು ಡಬ್ಬಿ.

ನನ್ನ ಮಗ ಮಣ್ಣಿಗೆ ಹೋಗಿ ಒಂದು ಯುಗಾದಿ ಕಳೆದಿತ್ತು. ದಿನಾ ಹೀಗೆ ಬರುತ್ತಾನೆ, ದಿನಾ ಇಪ್ಪತ್ತೇಳು ಅನ್ನುತ್ತಾನೆ. ಅವನ ದನಿ ಯಾವಾಗ ಬರುತ್ತದೋ ಅಂತ ಕಾಯುತ್ತೇನೆ, ಬಂದರೆ ಯಾಕೆ ಬಂತೋ ಅನ್ನಿಸುತ್ತದೆ.

ಇದೆಲ್ಲ ಶುರುವಾದದ್ದು ಕೊರೊನಾ ಅಂತ ಸ್ಕೂಲಿಗೆ ಬೀಗ ಹಾಕಿದ ಕಾಲದಲ್ಲಿ. ಶಿಡ್ಲಘಟ್ಟದಲ್ಲಿ ದೊಡ್ಡಮನೆಯವರ ಮಕ್ಕಳು ಫೋನಿನೊಳಗೆ ಮೇಷ್ಟ್ರ ಮುಖ ನೋಡುತ್ತಾ ಓದಿಕೊಂಡರು. ನಮ್ಮ ಕೇರಿಯಲ್ಲಿ ಇದ್ದದ್ದೆಲ್ಲ ಬಟನ್ ಫೋನು. ನೆಟ್ಟು ಬೇಕಾದರೆ ಕೆರೆ ಕಟ್ಟೆ ಹತ್ತಬೇಕು, ಹತ್ತಿದರೂ ಬಟನ್ ಫೋನಿಗೆ ಯಾವ ನೆಟ್ಟು? ಮಕ್ಕಳು ನಮ್ಮ ಜೊತೆ ಈ ಶೆಡ್ಡಿಗೆ ಬಂದವು. ಸುಮ್ಮನೆ ಕೂತ ಮಕ್ಕಳ ಕೈಗೆ ರಮೇಶ್‌ಬಾಬು ಕೆಲಸ ಕೊಟ್ಟ.

ಅಮೃತ ನಮ್ಮ ಕೇರಿಯದೇ ಹುಡುಗಿ, ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಕಳಿಸಬೇಕು ಅನ್ನಿಸಿದ ದಿನ ಕಳಿಸಿಬಿಡಬಹುದು. ಅವಳೇ ಒಂದು ದಿನ ಮನೆಮನೆಗೆ ಬಂದು ಫೋನುಗಳ ಬೆನ್ನು ಬಿಚ್ಚಿ ನೋಡಿದಳು. ಬ್ಯಾಟರಿಯ ಕೆಳಗೆ ಹಾಡಿನ ಕಾರ್ಡ್ ಹಾಕುವ ಸಂದಿ ಇತ್ತು. “ಹಾಡು ಕೇಳ್ತೀರಲ್ಲಕ್ಕಾ, ಅದರಲ್ಲೇ ಪಾಠನೂ ಕೇಳಬಹುದು. ನೆಟ್ಟು ಬೇಕಾಗಲ್ಲ,” ಅಂದಳು.

ಬೆಳಗಾಗುವ ಮುಂಚೆ, ಬಸ್ಸು ಟ್ರಾಕ್ಟರು ಶುರುವಾಗುವ ಮುಂಚೆ, ರಾಗಿ ಮೂಟೆ ಇಡುವ ಕೋಣೆಯಲ್ಲಿ ಕೂತು ಅವಳು ಪಾಠ ಹೇಳುತ್ತಿದ್ದಳು. ದನಿ ಗೋಡೆಗೆ ಬಡಿದು ವಾಪಸ್ ಬರದಿರಲಿ ಅಂತ ಸುತ್ತಲೂ ಕಂಬಳಿ ಕಟ್ಟಿರುತ್ತಿದ್ದಳು. ನಡುವೆ ಯಾರಾದರೂ ಫೋನ್ ಮಾಡಿದರೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ, ಅದಕ್ಕೇ ವಿಮಾನದ ಗುರುತು ಒತ್ತಿ ಸಿಗ್ನಲ್ ಆರಿಸುತ್ತಿದ್ದಳು. ಫೋನನ್ನು ಬಾಯಿಗೆ ನೇರ ಹಿಡಿಯುತ್ತಿರಲಿಲ್ಲ, ಕೆನ್ನೆಯ ಪಕ್ಕಕ್ಕೆ ಹಿಡಿಯುತ್ತಿದ್ದಳು. ನೇರ ಹಿಡಿದರೆ ಉಸಿರು ಬಡಿದು ಮಾತು ಒಡೆಯುತ್ತದಂತೆ.

ಗೋಡೆಗೆ ಪಾಠ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎದುರಿಗೆ ಒಂದು ಮಗು ಬೇಕು ಅಂದಳು. ನನ್ನ ವೇಣು ಹೋದ. “ಕಾಳು ತಗೊಳಿ, ಗುಡ್ಡೆ ಮಾಡಿ, ಎಣಿಸಿ” ಅಂತ ಅವಳು ಹೇಳಬೇಕು, ಅವನು ಎದುರಿಗೇ ಮಾಡಬೇಕು. ಅವನು ಮುಗಿಸುವಷ್ಟು ಹೊತ್ತು ಅವಳು ಸುಮ್ಮನಿರುತ್ತಿದ್ದಳು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಬೆರಳು ಮಡಿಸುತ್ತಿದ್ದಳು. ಮನೆಯಲ್ಲಿ ಕೇಳುವ ಮಕ್ಕಳು ಮೊದಲು ಉತ್ತರ ಹೇಳಲಿ ಅಂತ. ಬೆರಳೆಲ್ಲ ಮಡಿಸಿ ಆದಮೇಲೆ ವೇಣು ಹೇಳುತ್ತಿದ್ದ. ತಪ್ಪಿದ್ದವರು ಅವನನ್ನು ಕೇಳಿ ತಿದ್ದಿಕೊಳ್ಳುತ್ತಿದ್ದರು. ಒಂದು ಕ್ಲಿಪ್ಪಿಗೆ ಒಂದೇ ವಿಷಯ, ಜಾಸ್ತಿ ಉದ್ದ ಇಲ್ಲ.

ಮುಗಿದ ಕೂಡಲೇ ನನ್ನ ಮಗ ತಪ್ಪದೆ ಒಂದು ಮಾತು ಕೇಳುತ್ತಿದ್ದನಂತೆ. ಆ ಬಾಲವನ್ನು ಅಮೃತ ಕತ್ತರಿಸಿ ಹಾಕುತ್ತಿದ್ದಳು, ಪಾಠಕ್ಕೆ ಬೇಕಿಲ್ಲವಲ್ಲ.

ಅವಳ ಫೋನಿನ ರೆಕಾರ್ಡು ಬಟನ್ ಫೋನಿನಲ್ಲಿ ಹಾಡುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ ಹತ್ತಿರ ಉಮರ್ ಫಾರೂಕ್ ಅಂತ, ಮೊಬೈಲ್ ಅಂಗಡಿ ಹುಡುಗ, ಕಂಪ್ಯೂಟರಿಗೆ ಹಾಕಿ ಎಂಪಿತ್ರೀ ಮಾಡಿ ಎಲ್ಲರ ಕಾರ್ಡಿಗೂ ತುಂಬಿಕೊಡುತ್ತಿದ್ದ. ಮೊದಲನೇ ಸಲ ದೊಡ್ಡ ಪಜೀತಿ. ಪಾಠದ ಹೆಸರು ಕನ್ನಡದಲ್ಲಿ ಬರೆದಿದ್ದರೆ ಬಟನ್ ಫೋನಿನಲ್ಲಿ ಬರೀ ಚೌಕ ಚೌಕ ಕಂಡವು. ಅಂಕಿ ಹಾಕಿದರೆ ಒಂದಾದ ಮೇಲೆ ಹತ್ತನೇ ಪಾಠ ಹಾಡಿತು. ಕೂಡುವುದು ಬರದ ಮಕ್ಕಳು ಭಾಗಾಕಾರ ಕೇಳಿಕೊಂಡು ಕಣ್ಣು ಕಣ್ಣು ಬಿಟ್ಟವು. “ಮಿಸ್, ಒಂದಕ್ಕಿಂತ ಮೊದಲು ಸೊನ್ನೆ ಹಾಕಿ. ಜೀರೋ ಒನ್, ಜೀರೋ ಟೂ. ಆಗ ಲೈನಾಗಿ ಬರ್ತಾವೆ,” ಅಂದ ಫಾರೂಕ್.

ಲೈನಾಗಿಯೇ ಬಂದವು. ಮಕ್ಕಳು ಶೆಡ್ಡಿಗೂ ಫೋನು ತಂದು ಬೇಸಿನ್ನಿನ ಪಕ್ಕ ಇಟ್ಟುಕೊಂಡು ಕೇಳಿದವು. ರಮೇಶ್‌ಬಾಬು ಮೊದಲು “ಏಮಿರಾ ಇದು, ಕೇರಿ ಸ್ಕೂಲಾ?” ಅಂತ ಬೈದ. ಎರಡು ದಿನ ನೋಡಿದ. ಪಾಠ ಕೇಳುವ ಮಕ್ಕಳು ಹರಟುವುದಿಲ್ಲ, ಉಚ್ಚೆಗೂ ಏಳುವುದಿಲ್ಲ, ಕೈ ನಿಲ್ಲಿಸುವುದಿಲ್ಲ. ಮೂರನೇ ದಿನ ಒಂದು ಕಾರ್ಡ್ ಕಿತ್ತುಕೊಂಡು ಹಾಡು ಹಾಕುವ ತನ್ನ ಡಬ್ಬಿಗೆ ಸಿಕ್ಕಿಸಿದ. ಆ ಡಬ್ಬಿ ಒಂದು ಮುಗಿದರೆ ತಾನೇ ಮುಂದಿನದಕ್ಕೆ ಹೋಗುತ್ತದೆ, ಕೊನೆಯದು ಮುಗಿದರೆ ಮತ್ತೆ ಮೊದಲಿಗೆ ಬರುತ್ತದೆ.

ವೇಣು ಸತ್ತದ್ದು ಈ ಶೆಡ್ಡಿನಲ್ಲೇ. ಕುದಿಯುವ ನೀರಿನ ಹಂಡೆ ಹೊರಲು ಹೇಳಿದ್ದು ರಮೇಶ್‌ಬಾಬು. ಹುಳದ ಲೋಳೆ ಬಿದ್ದು ನೆಲ ಜಾರುತ್ತಿತ್ತು. ನನ್ನ ಮಗ ಬಿದ್ದ, ಹಂಡೆ ಅವನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ರಮೇಶ್‌ಬಾಬುವೇ ಮುಂದೆ ನಿಂತು ಹೇಳಿದ: “ಮನೇಲಿ ಸ್ನಾನದ ನೀರು ಸಾರ್. ಈ ಜನಕ್ಕೆ ಮಕ್ಕಳು ನೋಡ್ಕಳಕ್ಕೂ ಬರಲ್ಲ.” ನಾನು ಬಾಯಿ ತೆರೆದೆ. “ಅಮ್ಮಾ, ಅಳಬೇಡ, ಆಚೆ ಕೂತ್ಕೊ,” ಅಂದರು ಡಾಕ್ಟರು. ಅಳುತ್ತಿರಲಿಲ್ಲ ನಾನು, ಹೇಳುತ್ತಿದ್ದೆ.

ಮೂರನೇ ದಿನಕ್ಕೆ ಕೆಲಸಕ್ಕೆ ಬಂದೆ. ವೇಣುವಿನ ತಂಗಿ ತನುಜ ಇದ್ದಳು, ಅವಳ ಹೊಟ್ಟೆ ತುಂಬಿಸಬೇಕಿತ್ತು, ಅವಳಪ್ಪ ಮೊದಲೇ ಹೋಗಿದ್ದ. ಒಳಗೆ ಕಾಲಿಟ್ಟರೆ ಡಬ್ಬಿಯಲ್ಲಿ ವೇಣು “ಹದಿನಾಲ್ಕು ಮಿಸ್” ಅಂದ. ಅಲ್ಲೇ ಕುಕ್ಕರಿಸಿದೆ. “ಶೋಕ ಆಚೆ ಇಟ್ಕೊ,” ಅಂದ ರಮೇಶ್‌ಬಾಬು. “ಡಬ್ಬಿ ಆಫ್ ಮಾಡಿದ್ರೆ ಹುಡುಗ್ರು ಬಾಯಿ ಬಿಡ್ತಾರೆ.”

ಆಮೇಲೆ ಸ್ಕೂಲು ಬಾಗಿಲು ತೆಗೆಯಿತು. ದೊಡ್ಡಮನೆಯ ಮಕ್ಕಳು ಯೂನಿಫಾರಂ ಹಾಕಿಕೊಂಡು ಹೋದರು. ನಮ್ಮವನ್ನು ಇವನು ಬಿಡಲಿಲ್ಲ. “ತನುಜ ಬರದಿದ್ರೆ ನೀನೂ ಬರಬೇಡ,” ಅಂದ. ಹಾಗೇ ಎಲ್ಲರಿಗೂ ಅಂದ. ಅಮೃತ ಕೇಳಲು ಬಂದಳು. ಶೆಡ್ಡಿನ ಹೊಸ್ತಿಲಾಚೆ ಅವಳನ್ನು ನಿಲ್ಲಿಸಿದ.

“ಏನಮ್ಮಾ ಮಿಸ್ಸು, ಒಳಗೆ ಬರಬೇಡ, ಮಡಿ ಮೈಲಿಗೆ ಅಂತಲ್ಲ, ಜಾಗ ಇಲ್ಲ.”

“ಮಕ್ಕಳನ್ನ ಕಳ್ಸಿ ಸಾರ್. ಸ್ಕೂಲ್ ಶುರುವಾಗಿದೆ.”

“ಇಲ್ಲೂ ಶುರುವಾಗಿದೆ. ನಿನ್ ಗಂಟಲೇ ಅಲ್ವಾ ಅದು? ಸಂಬಳ ಇಲ್ದೆ ನಮ್ಮಲ್ಲಿ ದಿನಾ ಪಾಠ ಮಾಡ್ತಿದೀಯ. ಸ್ಕೂಲಿನ ಎಸ್‌ಡಿಎಂಸಿ ಅಧ್ಯಕ್ಷ ನನ್ ಬಾಮೈದ. ಒಂದ್ ಮಾತು ಹೇಳಿದ್ರೆ ನಾಳೆಯಿಂದ ಅಲ್ಲಿ ನೀನಿರಲ್ಲ, ಇಲ್ಲಿ ಮಾತ್ರ ಇರ್ತೀಯ.”

ಅವಳು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಸಾಹೇಬರು ಬಂದರು, ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿದರು. ರಮೇಶ್‌ಬಾಬು ಡಬ್ಬಿಯ ದನಿ ಏರಿಸಿದ. ಮಿಸ್ಸು ಕೇಳಿದಳು, ಮಕ್ಕಳು ಹೇಳಿದವು, ವೇಣು ಹೇಳಿದ, ಮಿಸ್ಸು ಶಭಾಷ್ ಅಂದಳು. “ತಾಯಂದ್ರ ಜೊತೆ ಬರ್ತಾವೆ ಸಾರ್, ಪಾಪ, ನಾನೇ ಪಾಠದ ವ್ಯವಸ್ಥೆ ಮಾಡಿದೀನಿ.” ಸಾಹೇಬರು ತಲೆದೂಗಿದರು. “ಒಳ್ಳೆ ಕೆಲಸ. ಮುಂದಿನ ವಾರ ಫೋಟೋದೋರನ್ನೂ ಕರ್ಕೊಂಡು ಬರ್ತೀನಿ.” ತನುಜಳ ಬೆರಳುಗಳು ನೀರಿನಲ್ಲಿ ಬೆಂದು ಬಿಳಚಿಕೊಂಡಿದ್ದವು. ಅದು ಅವರಿಗೆ ಕಾಣಲಿಲ್ಲ. ಕಾಣದೆ ಏನು, ನೋಡಲಿಲ್ಲ ಅಷ್ಟೆ.

ಅಂದು ಸಂಜೆ ಅಮೃತ ನನ್ನ ಮನೆಗೆ ಬಂದು ಗೋಡೆಗೊರಗಿ ಕೂತಳು.

“ಅಕ್ಕಾ, ನನ್ ದನಿನೇ ಮಕ್ಕಳನ್ನ ಅಲ್ಲಿ ಕಟ್ಟಾಕಿದೆ. ನಿದ್ದೇಲೂ ನಾನೇ ಪ್ರಶ್ನೆ ಕೇಳ್ತೀನಿ, ವೇಣು ಹೇಳ್ತಾನೆ. ಅವನನ್ನ ತೆಗೆದು ಬೇರೆ ಕಾರ್ಡ್ ಮಾಡ್ಕೊಡ್ಲಾ? ನಿನಗಾದ್ರೂ ಸಮಾಧಾನ ಆಗ್ಲಿ.”

“ನನ್ ಮಗನ್ನ ಇನ್ನೊಂದ್ ಸಲ ತೆಗೀಬೇಡ ಕಣಮ್ಮಾ,” ಅಂದೆ. “ಅವನು ಕೊನೇಲಿ ಏನೋ ಕೇಳ್ತಿದ್ದ ಅಂದಿದ್ದೆಯಲ್ಲ. ಅದು ಐತಾ?”

ಇತ್ತು. ಕತ್ತರಿಸುವ ಮುಂಚಿನವೆಲ್ಲ ಅವಳ ಫೋನಿನಲ್ಲಿ ಹಾಗೇ ಇದ್ದವು. ಒಂದನ್ನು ಒತ್ತಿದಳು. ಪಾಠ ಮುಗಿಯಿತು. ಕಂಬಳಿ ಸರಿದ ಸದ್ದು. ಆಮೇಲೆ ನನ್ನ ವೇಣು, ಪಾಠ ಒಪ್ಪಿಸುವ ದನಿಯಲ್ಲಲ್ಲ, ಮನೆಯ ದನಿಯಲ್ಲಿ: “ಮುಗೀತಾ? ಹೋಗಣಾ ಮಿಸ್?”

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅತ್ತು ಮುಗಿದ ಮೇಲೆ ಏನು ಮಾಡಬೇಕು ಅನ್ನುವುದು ನನಗೆ ಗೊತ್ತಾಗಿತ್ತು, ಹೇಳಿದೆ. ಅವಳು ನನ್ನ ಮುಖ ನೋಡಿದಳು. “ನನ್ ಕೆಲಸ ಹೋಗುತ್ತೆ ಅಕ್ಕಾ.” ಫೋನು ಆರಿಸಿ, “ಹೋಗ್ಲಿ ಬಿಡು. ನಿಂದೂ ಹೋಗುತ್ತೆ,” ಅಂದಳು.

ಮಾರನೇ ಬೆಳಗ್ಗೆ ಕಂಬಳಿ ಕಟ್ಟಿ ಹೊಸ ಕ್ಲಿಪ್ ಹೇಳಿದಳು. ಫಾರೂಕ್ ಅದರ ಹಿಂದಕ್ಕೆ ವೇಣುವಿನ ಬಾಲ ಜೋಡಿಸಿದ. ಕಾರ್ಡಿನಲ್ಲಿ ಬೇರೇನೂ ಇರಲಿಲ್ಲ, ಅದೊಂದೇ. ದುಡ್ಡು ಕೊಡಲು ಹೋದರೆ, “ಬೇಡಮ್ಮಾ, ಆ ಹುಡುಗನ ದನಿ ಅಂಗಡೀಲಿ ದಿನಾ ಕೇಳಿದೀನಿ,” ಅಂದು ತಿರುಗಿ ನಿಂತ.

ಸಾಹೇಬರು ಫೋಟೋದವನೊಂದಿಗೆ ಬಂದ ದಿನ ಶೆಡ್ಡು ಗುಡಿಸುವ ಸರದಿ ನನ್ನದೇ. ಡಬ್ಬಿ ಒರೆಸುವಾಗ ಕಾರ್ಡ್ ಬದಲಾಯಿಸಿದೆ. ಹಳೆಯದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ರಮೇಶ್‌ಬಾಬು ಬಿಳಿ ಶರಟು ಹಾಕಿಕೊಂಡು ಬಂದ. ಮಕ್ಕಳಿಗೆ “ಜೋರಾಗಿ ಹೇಳ್ಬೇಕು, ಬೋಳಿಮಕ್ಳಾ” ಅಂತ ಮೆಲ್ಲಗೆ ಗದರಿ, ಸಾಹೇಬರ ಕಡೆ ನಗುತ್ತಾ ಗುಂಡಿ ಒತ್ತಿದ.

“ಮಕ್ಕಳೇ,” ಅಂದಳು ಅಮೃತ. “ಕೈಲಿರೋದು ಕೆಳಗಿಡಿ.”

ಡಬ್ಬಿ ಸುಮ್ಮನಾಯಿತು. ಆ ದನಿ ಹೇಳಿದ್ದನ್ನು ಮಾಡಿ ಮಾಡಿ ಅವಕ್ಕೆ ರೂಢಿ. ರಾಟೆಗಳು ಒಂದೊಂದಾಗಿ ನಿಂತವು.

“ತಣ್ಣೀರಲ್ಲಿ ಕೈ ತೊಳ್ಕೊಳಿ.”

ತೊಳೆದುಕೊಂಡವು. ಫೋಟೋದವನು ಇದೂ ಪಾಠವೆಂದೇ ಕ್ಲಿಕ್ಕಿಸಿದ. ತೊಳೆದ ಬಿಳಚು ಕೈಗಳು ಅವನ ಕ್ಯಾಮೆರಾದ ಮುಂದೆಯೇ ಇದ್ದವು.

“ಎದ್ದು ನಿಂತ್ಕೊಳಿ.”

“ಏಯ್, ಇದ್ಯಾವ್ದು?” ರಮೇಶ್‌ಬಾಬು ಗುಂಡಿಗೆ ಕೈ ಚಾಚಿದ. ಡಬ್ಬಿ ಸುಮ್ಮನಿತ್ತು. ತಾನೇ ನಿಂತಿತು ಅಂದುಕೊಂಡು ಒತ್ತದೆ ಕೈ ತೆಗೆದ. ಅದು ಅಮೃತ ಬಿಟ್ಟಿದ್ದ ಖಾಲಿ ಹೊತ್ತು.

“ಮುಗೀತಾ?” ಅಂದ ವೇಣು. “ಹೋಗಣಾ ಮಿಸ್?”

ಉತ್ತರಕ್ಕೆ ಜಾಗ ಬಿಟ್ಟಿತ್ತು. ನನ್ನ ತನುಜ ಡಬ್ಬಿಯ ಕಡೆ ತಿರುಗಿದಳು. “ಹೋಗಣ ಬಾರೋ ಅಣ್ಣ,” ಅಂದಳು.

ನಡೆದಳು. ಹಿಂದೆ ಉಳಿದವು ನಡೆದವು. ರಮೇಶ್‌ಬಾಬು ಬಾಗಿಲಿಗೆ ಅಡ್ಡ ಬಂದು ತನುಜಳ ಜಡೆಗೆ ಕೈ ಹಾಕಿದ. ನಾನು ಬೇಸಿನ್ನಿನಿಂದ ತಂಬಿಗೆಯಲ್ಲಿ ಕುದಿಯುವ ನೀರು ತುಂಬಿಕೊಂಡು ಅವನ ಎದುರಿಗೆ ಹೋಗಿ ನಿಂತೆ. “ಮನೇಲಿ ಸ್ನಾನದ ನೀರು ಸಾರ್,” ಅಂದೆ. ಕೈ ಬಿಟ್ಟ. ಬಾಗಿಲೂ ಬಿಟ್ಟ.

ಆಚೆ ಬಿಸಿಲಿನಲ್ಲಿ ಅಮೃತ ನಿಂತಿದ್ದಳು. ನಾಳೆ ಏನು ಅಂತ ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಂಬಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಒಳಗೆ ಯಾವ ಗುಂಡಿ ಒತ್ತಿದರೂ ಡಬ್ಬಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಖಾಲಿ ಶೆಡ್ಡಿನಲ್ಲಿ ರಮೇಶ್‌ಬಾಬುವನ್ನು ನನ್ನ ಮಗ ಕೇಳುತ್ತಿದ್ದ, ಕೇಳಿ ಕಾಯುತ್ತಿದ್ದ, ಮತ್ತೆ ಕೇಳುತ್ತಿದ್ದ.