ಹದಿನೇಳನೆಯ ನಿಯಮ

ಹದಿನಾಲ್ಕು ಲೇಖನಗಳೂ ಕೈಸೇರಿದ ದಿನ ಪಲ್ಲವಿ ಅವುಗಳನ್ನು ಬಸವನ ಬಾಗೇವಾಡಿಯ ತನ್ನ ಕಾಲೇಜಿನ ಗ್ರಂಥಾಲಯದಲ್ಲಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತಳು. ಪುಸ್ತಕದ ಹೆಸರು ಆಗಲೇ ಗೊತ್ತಾಗಿತ್ತು: ‘ನಾಲ್ಕು ತಾಲ್ಲೂಕಿನ ಬಾವಿಗಳು’. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಕಡೆಯ ಅಧ್ಯಾಪಕರು, ಮಾಸ್ತರರು ತಮ್ಮ ತಮ್ಮ ಊರಿನ ಹಳೆಯ ಬಾವಿಗಳ ಬಗ್ಗೆ ಬರೆದಿದ್ದರು. ಪ್ರಧಾನ ಸಂಪಾದಕರು ನಿವೃತ್ತ ಪ್ರಾಧ್ಯಾಪಕ ಬಸಂತರಾಯರು. ಪಲ್ಲವಿ ಸಹಸಂಪಾದಕಿ. ಅಂದರೆ ರಕ್ಷಾಪುಟದ ಮೇಲೆ ಹೆಸರು ಅವರದು ದೊಡ್ಡದು, ಇವಳದು ಸಣ್ಣದು. ಕೆಲಸ ಎಲ್ಲ ಇವಳದು.

ಕೆಲಸಕ್ಕೆ ಅವಳು ಹೆದರುವವಳಲ್ಲ. ಇತಿಹಾಸ ಕಲಿಸುತ್ತ ಎಂಟು ವರ್ಷ ಕಳೆದಿದ್ದಳು. ಲೇಖನಗಳು ಬರುವ ಮೊದಲೇ ಎರಡು ಪುಟದ ಸ್ಟೈಲ್ ಶೀಟ್ ಮಾಡಿ ಎಲ್ಲರಿಗೂ ಕಳಿಸಿದ್ದಳು. ಅದರಲ್ಲಿ ಹದಿನಾರು ನಿಯಮ. ‘ಭಾವಿ’ ಅಲ್ಲ, ‘ಬಾವಿ’ ಎಂದೇ ಬರೆಯಬೇಕು. ಆಳ ಅಗಲ ಅಡಿಗಳಲ್ಲಿರಬೇಕು. ಶಾಸನದ ಶಕವರ್ಷದ ಪಕ್ಕ ಕ್ರಿಸ್ತಶಕವೂ ಇರಬೇಕು. ಅಡಿಟಿಪ್ಪಣಿ ಆಯಾ ಪುಟದ ಕೆಳಗೇ ಬರಬೇಕು. ಜನರ ಮಾತನ್ನು ಉಲ್ಲೇಖಿಸುವಾಗ ಅದನ್ನು ತಿದ್ದದೆ, ಆಡಿದಂತೆಯೇ ಇಡಬೇಕು.

ಆದರೂ ಹದಿನಾಲ್ಕು ಜನ ಹದಿನಾಲ್ಕು ದಾರಿ ಹಿಡಿದಿದ್ದರು. ಒಬ್ಬರು ಗಜದಲ್ಲಿ ಅಳೆದರೆ ಇನ್ನೊಬ್ಬರು ಮೀಟರಿನಲ್ಲಿ ಅಳೆದಿದ್ದರು. ಒಂಬತ್ತು ಲೇಖನಗಳಂತೂ ಆದಿಲಶಾಹಿ ಕಾಲದ ನೀರಿನ ವ್ಯವಸ್ಥೆಯ ಅದೇ ಕಥೆಯಿಂದ, ಬಹುಪಾಲು ಅದೇ ಮಾತುಗಳಿಂದ ಶುರುವಾಗುತ್ತಿದ್ದವು. ಲೇಖಕರನ್ನು ಕೇಳಿ ಆ ಒಂಬತ್ತೂ ಕಡೆ ಅದನ್ನು ತೆಗೆದಳು. ಪ್ರಸ್ತಾವನೆಯಲ್ಲಿ ಒಂದೇ ಸಲ ಹೇಳಿದರೆ ಸಾಕಿತ್ತು.

ಹತ್ತನೆಯ ದಿನ ಚಂದಪ್ಪ ಮಾಸ್ತರರ ಲೇಖನದ ಸರದಿ ಬಂತು. ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯವರು, ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಕಲಿಸಿ ನಿವೃತ್ತರಾದವರು. ತಮ್ಮೂರಿನ ಹಿರೇಬಾವಿಯ ಬಗ್ಗೆ ಬರೆದಿದ್ದರು. ಅವರವ್ವ ದಿನಾ ಬೆಳಿಗ್ಗೆ ಬೇವಿನ ಮರದ ಕೆಳಗೆ ಬರಿಗೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನೀರು ಸೇದುವ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ ದೂರದಿಂದ ಸುರಿಯುತ್ತಿದ್ದರು. ಬರದಿದ್ದರೆ ಬಿಸಿಲೇರುವ ತನಕ ನಿಂತು, ಹಳ್ಳದ ವರತೆಗೆ ಹೋಗುತ್ತಿದ್ದಳು. ಯಾವ ತಿಂಗಳಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತಿತ್ತು, ಯಾವ ಮನೆಯವರು ಸುರಿಯುತ್ತಿದ್ದರು, ಯಾವ ಮನೆಯವರು ಮುಖ ತಿರುವುತ್ತಿದ್ದರು, ಎಲ್ಲವನ್ನೂ ಮಾಸ್ತರರು ಹಾಜರಿ ಹಾಕಿದಂತೆ ಬರೆದಿದ್ದರು. ಊರಿನ ಐದು ಮುದುಕಿಯರ ಮಾತನ್ನೂ ತಾರೀಖು ಸಮೇತ ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದರು.

ಪಲ್ಲವಿ ಓದಿ ಕೆಳಗಿಟ್ಟು, ಸಾಲಿನಲ್ಲಿದ್ದ ಇನ್ನೊಂದು ಲೇಖನ ಎತ್ತಿಕೊಂಡಳು. ಬಸಂತರಾಯರದು. ಅವರ ಹೊಲಮನೆ ಇರುವುದೂ ಅದೇ ಊರಲ್ಲಿ. ಅವರು ಬರೆದದ್ದೂ ಅದೇ ಹಿರೇಬಾವಿಯ ಮೇಲೆ. ಮೆಟ್ಟಿಲು, ಕಮಾನು, ಕಲ್ಲಿನ ಕೆತ್ತನೆ ಎಲ್ಲವನ್ನೂ ಚಂದಾಗಿ ವರ್ಣಿಸಿ ಕೊನೆಗೆ ಬರೆದಿದ್ದರು: ‘ಊರವರೆಲ್ಲ ಸೇದಿ ಕುಡಿದ ಈ ಸಿಹಿನೀರು ಊರನ್ನು ಒಂದು ಮಾಡಿತು.’

ಅವರು ಕಳಿಸಿದ್ದ ಪ್ರಸ್ತಾವನೆಯ ಕರಡೂ ಅದೇ ಮಾತಿನಿಂದ ಮುಗಿಯುತ್ತಿತ್ತು. ಜೊತೆಗೊಂದು ಚೀಟಿ: ‘ಚಂದಪ್ಪನವರ ಬರಹ ಸಂಶೋಧನೆಯ ಚೌಕಟ್ಟಿಗೆ ಹೊಂದುವುದಿಲ್ಲ. ಕೊನೆಯಲ್ಲಿ ಅನುಬಂಧ ಮಾಡಿ, ಸಣ್ಣ ಅಕ್ಷರದಲ್ಲಿ ಹಾಕು.’

ಪಲ್ಲವಿ ಚೀಟಿಯನ್ನು ಎರಡು ಸಲ ಓದಿದಳು. ಇಂಡಿ ತಾಲ್ಲೂಕಿನ ಅವಳ ಊರಲ್ಲೂ ಒಂದು ಬಾವಿ ಇತ್ತು. ಅವಳಜ್ಜಿಯೂ ಹಾಗೆಯೇ ಕಾದು ನಿಂತವಳು. ಅದನ್ನು ಪಲ್ಲವಿ ಎಲ್ಲೂ ಬರೆದಿರಲಿಲ್ಲ. ಬರೆಯಬೇಕೆಂದು ಅನ್ನಿಸಿದಾಗಲೆಲ್ಲ ಬೇರೆ ಏನೋ ಕೆಲಸ ಹಚ್ಚಿಕೊಂಡಿದ್ದಳು.

ಅವಳು ಲ್ಯಾಪ್‌ಟಾಪ್ ತೆರೆದು ಹದಿನಾಲ್ಕೂ ಲೇಖನಗಳಲ್ಲಿ ಒಂದೊಂದಾಗಿ ಹುಡುಕಿದಳು. ಊರವರೆಲ್ಲ, ಊರ ಜನರೆಲ್ಲ, ಇಡೀ ಊರು. ಮೂವತ್ತೇಳು ಕಡೆ ಸಿಕ್ಕಿತು. ಚಂದಪ್ಪ ಮಾಸ್ತರರದೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಇತ್ತು. ಕಾಗುಣಿತದ ತಪ್ಪು ಹುಡುಕುತ್ತ ಹತ್ತು ದಿನ ಕೂತವಳ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ. ತನ್ನ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು.

ಆ ಮಧ್ಯಾಹ್ನವೇ ಸ್ಟೈಲ್ ಶೀಟಿಗೆ ಹದಿನೇಳನೆಯ ನಿಯಮ ಸೇರಿಸಿ ಎಲ್ಲರಿಗೂ ಕಳಿಸಿದಳು: ‘ಊರವರೆಲ್ಲ ಎಂದು ಬರೆದಲ್ಲಿ, ಯಾರು ಎಂಬುದನ್ನು ಬರೆಯಿರಿ. ಯಾರು ಸೇದುತ್ತಿದ್ದರು, ಯಾರು ಸೇದುವಂತಿರಲಿಲ್ಲ. ಗೊತ್ತಿಲ್ಲದಿದ್ದರೆ ಊರಿಗೆ ಹೋಗಿ ಕೇಳಿ. ಕೇಳಿದರೂ ತಿಳಿಯದಿದ್ದರೆ, ತಿಳಿಯಲಿಲ್ಲ ಎಂದೇ ಬರೆಯಿರಿ.’ ಅದರ ಜೊತೆ ಪ್ರತಿ ಲೇಖಕರಿಗೂ ಅವರವರ ಪುಟ, ಸಾಲಿನ ಪಟ್ಟಿ ಇಟ್ಟಳು.

ಮರುದಿನ ಮುಂಜಾನೆಯೇ ಬಸಂತರಾಯರ ಫೋನು ಬಂತು.

“ಏನವ್ವಾ ಇದು? ಸ್ಟೈಲ್ ಶೀಟ್ ಅಂದ್ರ ಅಲ್ಪವಿರಾಮ, ಪೂರ್ಣವಿರಾಮ ನೋಡೂದು. ನೀ ಮಂದಿ ಮನಿತನ ಕೇಳಾಕತ್ತೀಯಲ್ಲ?”

“ಬಾವಿ ಎಷ್ಟು ಅಡಿ ಆಳ ಅಂತ ಕೇಳಿದಾಗ ಯಾರೂ ಬ್ಯಾಡ ಅನ್ನಲಿಲ್ರಿ, ಸರ್. ಇದೂ ಅಂಥದ್ದೇ ಲೆಕ್ಕ. ಯಾರು ಅಂತ ಖಚಿತ ಇರಬೇಕಲ್ರಿ.”

“ಹಳೇದೆಲ್ಲ ಕೆದರಿ ಏನು ಸಿಗ್ತೈತಿ ನಿನಗ?”

“ಹಳೇ ಬಾವಿ ಕೆದರೂ ಪುಸ್ತಕಾನ ಮಾಡಾಕತ್ತೀವಲ್ರಿ, ಸರ್.”

“ಬರೂ ಐತವಾರ ಎಲ್ಲಾರನ್ನೂ ಕರಿ. ಅಲ್ಲೇ ಇತ್ಯರ್ಥ ಆಗಲಿ,” ಎಂದು ಅವರು ಫೋನಿಟ್ಟರು.

ಐತವಾರದೊಳಗೆ ಒಂದೊಂದಾಗಿ ಉತ್ತರಗಳು ಬಂದವು. ಒಬ್ಬರು ಸಿಟ್ಟಾಗಿ ಲೇಖನವನ್ನೇ ಹಿಂದಕ್ಕೆ ಪಡೆದರು. ಇಂಡಿಯ ಅಖ್ತರಬೇಗಂ, ತಮ್ಮ ಓಣಿಯ ಬಾವಿಯಲ್ಲಿ ಕೆಲವು ಮನೆಯವರಿಗೆ ಬೇರೆ ಹಗ್ಗ, ಬೇರೆ ಹೊತ್ತು ಇದ್ದದ್ದನ್ನು ಕೇಳಿ ತಿಳಿದು, ಒಂದೂವರೆ ಪುಟ ಹೊಸದಾಗಿ ಬರೆದು ಕಳಿಸಿದರು. ಮುದ್ದೇಬಿಹಾಳದ ಉಪನ್ಯಾಸಕಿ ಸುನಂದಾ ಫೋನ್ ಮಾಡಿದಾಗ ಅವರ ದನಿ ಇಳಿದಿತ್ತು.

“ನಮ್ಮ ಅತ್ತಿಯವ್ರನ್ನ ಕೇಳಿದ್ನಿ, ಪಲ್ಲವಿ. ಎಂಬತ್ತೆರಡು ವರ್ಸ ಆಗ್ಯಾವ. ‘ಅವರು ಬಂದ್ರ ನಾವು ಮ್ಯಾಲಿಂದ ಸುರೀತಿದ್ವಿ, ಅದನ್ನೇನ್ ಬರೀತಿ’ ಅಂದ್ರು. ನಾನು ಆ ಬಾವಿ ಸಲುವಾಗಿ ಮೂರು ವರ್ಸ ಓಡಾಡೇನಿ. ಒಂದು ದಿನಾನೂ ಕೇಳಿರಲಿಲ್ಲ.”

“ಈಗ ಕೇಳೀರಲ್ರಿ. ಅವರ ಮಾತು ಹಂಗ ಇಡ್ರಿ. ತಿದ್ದಬ್ಯಾಡ್ರಿ,” ಎಂದಳು ಪಲ್ಲವಿ.

ಹೊಸ ಲೇಖನಗಳನ್ನು ಓದುತ್ತ ಹೋದಂತೆ ಹಳೆಯ ಪರಿವಿಡಿ ಅವಳಿಗೆ ಸುಳ್ಳೆನ್ನಿಸತೊಡಗಿತು. ಅದರಲ್ಲಿ ತಾಲ್ಲೂಕಿಗೊಂದು ಭಾಗವಿತ್ತು. ಆದರೆ ಇಂಡಿಯ ಹಗ್ಗದ ಕಥೆ, ಮುದ್ದೇಬಿಹಾಳದ ಹಗ್ಗದ ಕಥೆ ಬೇರೆ ಬೇರೆಯಾಗಿರಲಿಲ್ಲ. ತಾಲ್ಲೂಕಿನ ಗಡಿಯೇ ಆ ಸಂಗತಿಯನ್ನು ಮುಚ್ಚುತ್ತಿತ್ತು. ಉಳಿದ ಹದಿಮೂರು ಲೇಖನಗಳನ್ನು ಮತ್ತೆ ಮೇಜಿನ ಮೇಲೆ ಹರಡಿ, ಈ ಸಲ ಜನರನ್ನು ಹಿಡಿದು ಜೋಡಿಸಿದಳು. ತೋಡಿದವರು, ಕಟ್ಟಿದವರು, ಸೇದಿದವರು, ಕಾದವರು, ಬಿಟ್ಟುಹೋದವರು. ಸೇದಿದವರ ಭಾಗದ ಕೊನೆಗೆ, ಆರನೆಯದಾಗಿ, ಬಸಂತರಾಯರ ಹಿರೇಬಾವಿ ಬಂತು. ಕಾದವರ ಭಾಗದ ಮೊದಲಿಗೆ, ಏಳನೆಯದಾಗಿ, ಚಂದಪ್ಪ ಮಾಸ್ತರರ ಹಿರೇಬಾವಿ. ಪುಟ ತಿರುವಿದರೆ ಅದೇ ಬಾವಿಯ ಇನ್ನೊಂದು ದಂಡೆ.

ಆಮೇಲೆ ಪ್ರಸ್ತಾವನೆಯನ್ನು ಮೊದಲಿನಿಂದ ಬರೆದಳು.

ಐತವಾರ ಗ್ರಂಥಾಲಯದಲ್ಲಿ ಹನ್ನೊಂದು ಜನ ಕೂಡಿದರು. ಚಂದಪ್ಪ ಮಾಸ್ತರರು ಬಂದು ಬಾಗಿಲ ಬದಿ ಕೂತರು, ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಸಂತರಾಯರು ಹೊಸ ಪರಿವಿಡಿಯನ್ನೂ ಪ್ರಸ್ತಾವನೆಯನ್ನೂ ಓದಿ ಮೇಜಿನ ಮೇಲೆ ಹಾಕಿದರು.

“ಪ್ರಸ್ತಾವನಿ ಅಂದ್ರ ಎಲ್ಲಾ ಲೇಖನ ಒಂದ ದಾರದಾಗ ಪೋಣಿಸಬೇಕು. ನೀ ಜಗಳ ಹಚ್ಚಿ ಇಟ್ಟೀಯಲ್ಲ!”

“ಓದ್ತೇನ್ರಿ, ಕೇಳ್ರಿ,” ಎಂದು ಪಲ್ಲವಿ ಎದ್ದು ನಿಂತು ಓದಿದಳು. “‘ಈ ಪುಸ್ತಕದ ಲೇಖನಗಳು ಒಂದೇ ಮಾತು ಹೇಳುವುದಿಲ್ಲ. ಆರನೆಯ ಅಧ್ಯಾಯಕ್ಕೂ ಏಳನೆಯ ಅಧ್ಯಾಯಕ್ಕೂ ಒಪ್ಪಿಗೆಯಿಲ್ಲ. ನಾವು ಅವನ್ನು ಒಪ್ಪಿಸಲು ಹೋಗಿಲ್ಲ. ಇಲ್ಲಿನ ಎಲ್ಲ ಲೇಖಕರಿಗೂ ನಾವು ಕೇಳಿದ್ದು ಒಂದೇ ಪ್ರಶ್ನೆ: ಹಗ್ಗ ಯಾರ ಕೈಯಲ್ಲಿತ್ತು? ಈ ಪುಸ್ತಕವನ್ನು ಒಂದು ಮಾಡಿರುವುದು ಆ ಪ್ರಶ್ನೆ.’ ದಾರ ಅಂದ್ರ ಇದ ರೀ, ಸರ್.”

“ನಾ ಪ್ರಧಾನ ಸಂಪಾದಕ. ಇದಕ್ಕ ನಾ ಒಪ್ಪೂದಿಲ್ಲ. ಚಂದಪ್ಪಂದು ಅನುಬಂಧಕ್ಕ ಹೋಗಬೇಕು. ಇಲ್ಲಾಂದ್ರ ನನ್ನ ಹೆಸರು ತಗೀರಿ.”

ಬಸಂತರಾಯರ ಕೈಯಲ್ಲಿ ಕಲಿತವರೇ ಅಲ್ಲಿ ಐದಾರು ಮಂದಿ ಇದ್ದರು. ಪಲ್ಲವಿ ಕೂರಲಿಲ್ಲ. ಅವರಲ್ಲಿ ಮೊದಲು ಎದ್ದದ್ದು ಸುನಂದಾ.

“ಸರ್, ನೀವ ನನಗ ಕಲಿಸಿದವರು. ಆಧಾರ ಇಲ್ದ ಬರೀಬಾರದು ಅಂತ ಕಲಿಸೀರಿ. ಮಾಸ್ತರ್ರ ಬರಹಕ್ಕ ಐದು ಮಂದಿ ಸಾಕ್ಷಿ ಅದಾರ. ‘ಊರವರೆಲ್ಲ’ ಅನ್ನೂದಕ್ಕ ನಿಮ್ಮ ಹತ್ರ ಎಷ್ಟು ಅದಾರ್ರಿ? ಅವರದು ಅನುಬಂಧಕ್ಕ ಹೋದ್ರ ನಂದೂ ಅಲ್ಲೇ ಹಾಕ್ರಿ.”

“ನಂದೂ,” ಎಂದರು ಅಖ್ತರಬೇಗಂ. ಹಿಂದಿನಿಂದ ಮತ್ತೊಬ್ಬರು, ಮತ್ತಿಬ್ಬರು. ಎಣಿಸುವ ಅಗತ್ಯ ಬೀಳಲಿಲ್ಲ.

ಬಸಂತರಾಯರು ಕನ್ನಡಕ ತೆಗೆದು ಒರೆಸಿದರು. “ಆತು. ಹೆಸರು ತಗೀರಿ. ಆದ್ರ ಲೇಖನ ನನ್ನದು, ಇರ್ತೈತಿ. ಅದರಾಗಿನ ಒಂದು ಅಕ್ಷರ ಮುಟ್ಟಬ್ಯಾಡ್ರಿ. ಆ ವಾಕ್ಯಾನೂ.”

“ಮುಟ್ಟೂದಿಲ್ರಿ, ಸರ್,” ಎಂದಳು ಪಲ್ಲವಿ. “ವಾಕ್ಯ ನಿಮ್ಮದು. ಅದರ ಕೆಳಗ ಸಂಪಾದಕರ ಅಡಿಟಿಪ್ಪಣಿ ನಂದು. ‘ಇದೇ ಬಾವಿಯ ಕುರಿತು ಏಳನೆಯ ಅಧ್ಯಾಯ ನೋಡಿ.’ ಅಷ್ಟ.”

ಅವರು ಅವಳನ್ನೇ ನೋಡಿದರು. ಚೀಲ ತೆಗೆದುಕೊಂಡು ಹೊರಟರು. ಬಾಗಿಲ ಬಳಿ ಚಂದಪ್ಪ ಮಾಸ್ತರರು ಎದ್ದು ದಾರಿ ಬಿಟ್ಟರು. ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರೂ ಒಬ್ಬರಿಗೊಬ್ಬರು ನಮಸ್ಕಾರ ಮಾಡಲಿಲ್ಲ.

ತಿಂಗಳ ಮೇಲೆ ಕರಡಚ್ಚು ಬಂತು. ಪಲ್ಲವಿ ಮಾಸ್ತರರ ಪ್ರತಿಯನ್ನು ಅಂಚೆಗೆ ಹಾಕದೆ ಸಿಂದಗಿಯ ಬಸ್ಸು ಹತ್ತಿ, ಅಲ್ಲಿಂದ ಅವರ ಊರಿಗೇ ಹೋಗಿ ಕೊಟ್ಟಳು. ಅವರು ಚಹಾ ತರಿಸಿ, ಕೆಂಪು ಪೆನ್ನು ಹಿಡಿದು, ತಮ್ಮ ಅಧ್ಯಾಯವನ್ನು ಶಾಲೆಯ ಉತ್ತರಪತ್ರಿಕೆ ನೋಡಿದಂತೆ ಓದಿದರು. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ತಿದ್ದಿದರು. ಆಮೇಲೆ ಪ್ರಸ್ತಾವನೆಯನ್ನು ತೆಗೆದರು. ಮೂರನೆಯ ಪುಟದಲ್ಲಿ ಪೆನ್ನು ನಿಂತಿತು.

“ಇಲ್ಲೊಂದು ತಪ್ಪೈತಲ್ಲವಾ, ತಂಗಿ.”

ಪಲ್ಲವಿ ಬಗ್ಗಿ ನೋಡಿದಳು. ಅವಳೇ ಬರೆದಿದ್ದ ಸಾಲು: ‘ಚಂದಪ್ಪನವರು ಇದನ್ನು ನೋವಿನಿಂದ ಬರೆದಿದ್ದಾರೆ.’

“ನೋವು ನಮ್ಮವ್ವಂದು,” ಎಂದರು ಮಾಸ್ತರರು. “ಅದನ್ನ ನಾ ಹೆಂಗ ನಂದು ಅನ್ಲಿ?” ಎಂದು ‘ನೋವಿನಿಂದ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ‘ಸಿಟ್ಟಿನಿಂದ’ ಎಂದು ಬರೆದರು.

ಪಲ್ಲವಿ ಆ ಪುಟ ತೆಗೆದುಕೊಂಡು, ಬದಿಯಲ್ಲಿ ಒಪ್ಪಿಗೆಯ ಗುರುತು ಹಾಕಿ, ತನ್ನ ಸಹಿ ಮಾಡಿದಳು.