ಪದೇ ಪದೇ ಎಂದರೆ ಎಷ್ಟು ಸಲ

ಗುಮಾಸ್ತೆ ಮೇಜಿನ ಮೇಲೆ ಎರಡು ಹಾಳೆ ಇಟ್ಟಳು. "ಇದಕ್ಕೆ ಸಹಿ ಹಾಕಿ ಇವತ್ತಿನ ತಾರೀಕು ಬರೀರಿ. ಇನ್ನೊಂದು ನಿಮಗೆ. ಮೂರು ದಿನದೊಳಗೆ ಉತ್ತರ ಕೊಡಬೇಕು."

"ಏನಮ್ಮಾ ಇದು?"

"ಓದ್ಕೊಳ್ಳಿ ಅಣ್ಣಾ. ನಾನು ಟೈಪ್ ಮಾಡಿದವಳು ಅಷ್ಟೇ, ನನ್ನ ಮೇಲೆ ಕಣ್ಣು ಕೆಂಪು ಮಾಡಬೇಡಿ."

ನೀರು ಸರಬರಾಜು ಇಲಾಖೆಯ ಪಂಪುಮನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನನ್ನು ಎಲ್ಲರೂ ಪಂಪಿನಣ್ಣ ಎನ್ನುತ್ತಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಆ ಹಾಳೆಯಲ್ಲಿ ಅವನ ಕಣ್ಣು ಎರಡು ಕಡೆ ಸಿಕ್ಕಿಕೊಂಡಿತು. ಒಂದು, ಕಳೆದ ಮೂರು ತಿಂಗಳಲ್ಲಿ ಹನ್ನೊಂದು ದಿನ 'ಪದೇ ಪದೇ ತಡವಾಗಿ ಹಾಜರಾಗಿರುತ್ತೀರಿ' ಎನ್ನುವುದು. ಇನ್ನೊಂದು, ಕೊನೆಯಲ್ಲಿದ್ದ 'ನಿಮ್ಮನ್ನು ಸೇವೆಯಿಂದ ಏಕೆ ತೆಗೆದುಹಾಕಬಾರದು' ಎನ್ನುವುದು. ಕೆಳಗೆ ಹನ್ನೊಂದು ತಾರೀಕುಗಳು ಸಾಲಾಗಿದ್ದವು, ಪ್ರತಿಯೊಂದರ ಎದುರಿಗೂ ಹೆಬ್ಬೆರಳು ಒತ್ತುವ ಯಂತ್ರ ಹೇಳಿದ ಹೊತ್ತು. ಆರೂ ಇಪ್ಪತ್ತು, ಆರೂ ಇಪ್ಪತ್ತಾರು, ಆರೂ ಐವತ್ತು.

ಅವನು ಸಹಿ ಹಾಕಿ ತಾರೀಕು ಬರೆದ. ಗುಮಾಸ್ತೆ ಕಿಟಕಿಯ ಕಡೆ ನೋಡುತ್ತಾ ಕುಳಿತಳು.

ಮನೆಗೆ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಹತ್ತನೆಯ ತರಗತಿವರೆಗೆ ಓದಿದ್ದ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಳೆ ಕಿತ್ತುಕೊಂಡಳು. ಎರಡು ಸಲ ಓದಿದಳು.

"ಹನ್ನೊಂದು ದಿನ ಎಲ್ಲಿಗೆ ಹೋಗಿದ್ರಿ? ಐದು ಗಂಟೆಗೇ ಮನೆ ಬಿಡ್ತೀರಲ್ಲ!"

"ಪಂಪಿನ ಹತ್ರಾನೇ ಇದ್ದೆ ಕಣೇ. ಯಂತ್ರದ ಹತ್ರ ಇರಲಿಲ್ಲ."

ಅದೇ ವಿಷಯ. ಮೊದಲು ಹಾಜರಿ ಪುಸ್ತಕ ಪಂಪುಮನೆಯಲ್ಲೇ ಇತ್ತು. ವರ್ಷದ ಹಿಂದೆ ಯಂತ್ರ ಬಂದಾಗ ಅದನ್ನು ಕಚೇರಿಯೊಳಗೆ ಗೋಡೆಗೆ ಹೊಡೆದರು. ಕಚೇರಿಯ ಬೀಗ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಅಲ್ಲಿಂದ ಪಂಪುಮನೆಗೆ ಕಾಲು ಗಂಟೆಯ ನಡಿಗೆ. ಇತ್ತ ಎರಡನೆಯ ಪಂಪು ಆರಕ್ಕೆ ಸರಿಯಾಗಿ ಶುರುವಾಗದಿದ್ದರೆ ದಿಬ್ಬದ ಮೇಲಿನ ಬೀದಿಗಳಿಗೆ ನೀರು ಏರುವುದಿಲ್ಲ. ಅದಕ್ಕೆ ಪಂಪಿನಣ್ಣ ಹಿಂದಿನ ಗೇಟಿನಿಂದ ನೇರ ಪಂಪುಮನೆಗೆ ಬಂದು, ಪಾಳಿ ವಹಿಸಿಕೊಂಡು, ಪಂಪು ಹಾಕಿ, ನೀರಿನ ಒತ್ತಡ ಒಂದು ಹದಕ್ಕೆ ನಿಂತ ಮೇಲೆ ಕಚೇರಿಗೆ ಓಡಿ ಹೆಬ್ಬೆರಳು ಒತ್ತಿ ಬರುತ್ತಿದ್ದ. ಆರೂ ಹದಿನೈದರವರೆಗೆ ರಿಯಾಯಿತಿ ಇತ್ತು. ಪಂಪು ಒಳಗೆ ಗಾಳಿ ಹಿಡಿದು ನೀರೆತ್ತದೆ ಹಟ ಮಾಡಿದ ದಿನ ಆ ಗಡಿ ದಾಟಿಹೋಗುತ್ತಿತ್ತು.

"ಮತ್ತೆ ಭಯ ಯಾಕೆ? ಇದನ್ನೇ ಬರೆದರಾಯ್ತು," ಎಂದಳು ಹೆಂಡತಿ.

ಅವನು ಹಾಳೆಯ ಮೇಲೆ ಬೆರಳಿಟ್ಟ. "ಒಂಬತ್ತು ದಿನ ಹಾಗೆ. ಈ ಒಂಬತ್ತನೇ ತಾರೀಕು ಸೈಕಲ್ ಟ್ಯೂಬು ಸಿಡೀತು. ಈ ಇಪ್ಪತ್ತೆರಡು..." ಎಂದು ನಿಲ್ಲಿಸಿದ.

"ಏನು?"

"ನಿದ್ದೆ. ನೀನು ಊರಲ್ಲಿರಲಿಲ್ಲ. ಎಬ್ಬಿಸೋರಿಲ್ಲದೆ ಮಲಗಿಬಿಟ್ಟೆ."

ಆ ಎರಡು ದಿನ ರಾತ್ರಿ ಪಾಳಿಯಲ್ಲಿದ್ದವನು ಸೀಟಿ. ನಿದ್ದೆ ಓಡಿಸಲು ಇರುಳೆಲ್ಲ ಸೀಟಿ ಹೊಡೆಯುವ ಹುಡುಗಾಟದವನು, ವಯಸ್ಸು ಮಾತ್ರ ಮೂವತ್ತೆಂಟು. ಅವನೇ ಎರಡನೆಯ ಪಂಪು ಹಾಕಿದ್ದ. ಪಂಪುಮನೆಯ ಪಾಳಿ ಪುಸ್ತಕದಲ್ಲಿ 'ಆರು ಗಂಟೆಗೆ ಒಪ್ಪಿಸಿದೆ' ಎಂದು ಬರೆದಿಟ್ಟಿದ್ದ. ಪಂಪಿನಣ್ಣ ಬಂದು ಅದರ ಕೆಳಗೆ 'ವಹಿಸಿಕೊಂಡೆ' ಎಂದು ಸಹಿ ಹಾಕಿದ್ದ. ಹಾಗೆ ನೋಡಿದರೆ ಆ ಪುಸ್ತಕದಲ್ಲಿ ಆರಲ್ಲದೆ ಬೇರೆ ಹೊತ್ತನ್ನು ಯಾರೂ ಎಂದೂ ಬರೆದೇ ಇರಲಿಲ್ಲ. ಐದೂ ಐವತ್ತಕ್ಕೆ ಬಂದರೂ ಆರು, ಆರೂ ಹತ್ತಕ್ಕೆ ಬಂದರೂ ಆರು.

ಮಾರನೆಯ ಸಂಜೆ ಸೀಟಿ ಮನೆಗೇ ಬಂದ. "ಅಣ್ಣಾ, ಚಿಂತೆ ಯಾಕೆ? ಪಾಳಿ ಪುಸ್ತಕ ತೋರಿಸು! ಹನ್ನೊಂದು ದಿನವೂ ಆರು ಅಂತಲೇ ಇದೆ. ಯಂತ್ರಕ್ಕಿಂತ ಪುಸ್ತಕ ದೊಡ್ಡದು."

"ಚಾರ್ಟು?" ಎಂದ ಪಂಪಿನಣ್ಣ.

ಸೀಟಿ ನಾಲಿಗೆ ಕಚ್ಚಿಕೊಂಡ.

ಪಂಪುಮನೆಯ ಗೋಡೆಯಲ್ಲಿ ಒಂದು ಗಡಿಯಾರದಂಥ ಪೆಟ್ಟಿಗೆ ಇತ್ತು. ಅದರೊಳಗೆ ತಟ್ಟೆಯಗಲದ ದುಂಡು ಕಾಗದ, ಅದೇ ಚಾರ್ಟು, ದಿನಕ್ಕೊಂದು ಸುತ್ತು ತಿರುಗುತ್ತದೆ. ಶಾಯಿಯ ಮುಳ್ಳು ಅದರ ಮೇಲೆ ನೀರಿನ ಒತ್ತಡದ ಗೆರೆ ಎಳೆಯುತ್ತದೆ. ಬೆಳಗಿನ ಪಾಳಿಯವನು ಬಂದೊಡನೆ ಹಳೆಯದನ್ನು ತೆಗೆದು, ಬೆನ್ನಿಗೆ ಸಹಿ ಹಾಕಿ, ಹೊಸದನ್ನು ಹಾಕಬೇಕು. ಆ ಎರಡು ದಿನ ಸೀಟಿ ಪಂಪು ಹಾಕಿದ್ದ, ಪುಸ್ತಕ ಬರೆದಿದ್ದ, ಚಾರ್ಟು ಮರೆತಿದ್ದ. ಸುತ್ತು ಮುಗಿದರೂ ಮುಳ್ಳು ನಿಲ್ಲದೆ ಹಿಂದಿನ ದಿನದ ಗೆರೆಯ ಮೇಲೇ ಇನ್ನೊಂದು ಗೆರೆ ಎಳೆದಿತ್ತು. ಅದನ್ನು ತೆಗೆಯುವಾಗ ಪಂಪಿನಣ್ಣನೇ ಕಣ್ಣಾರೆ ಕಂಡಿದ್ದ.

"ಒಂಬತ್ತು ದಿನ ನಾನು ಬಂದಿದ್ದಕ್ಕೆ ಚಾರ್ಟೇ ಸಾಕ್ಷಿ. ಎರಡು ದಿನ ಬರದಿದ್ದಕ್ಕೂ ಅದೇ ಸಾಕ್ಷಿ. ಅದನ್ನ ತರಿಸಿ ಅಂದ್ರೆ ಪುಸ್ತಕ ಸುಳ್ಳಾಗುತ್ತೆ. ನೀನೂ ಸಿಕ್ಕಿಬೀಳ್ತೀಯ."

"ಹಾಗಾದ್ರೆ ಚಾರ್ಟಿನ ಸುದ್ದಿಗೇ ಹೋಗಬೇಡ! ತಪ್ಪಾಯ್ತು, ಇನ್ನು ಮುಂದೆ ಹೀಗಾಗಲ್ಲ, ದೊಡ್ಡ ಮನಸ್ಸು ಮಾಡಿ ಅಂತ ಕೈ ಮುಗಿದುಬಿಡು. ಎಲ್ಲರೂ ಮಾಡೋದು ಅದೇ."

ಒಳಗಿನಿಂದ ಹೆಂಡತಿ ಬಂದಳು. "ತಪ್ಪಾಯ್ತು ಅಂದ್ರೆ ಹನ್ನೊಂದೂ ಒಪ್ಪಿಕೊಂಡ ಹಾಗೆ. ಒಪ್ಪಿದವನಿಗೆ ವಿಚಾರಣೆ ಯಾಕೆ ಅಂತ ನಾಳೆ ಮನೆಗೆ ಕಳಿಸಿದರೆ ನೀನು ಸಾಕ್ತೀಯಾ ನಮ್ಮನ್ನ?"

"ಅತ್ತಿಗೆ, ನನಗೂ ಇಬ್ಬರು ಮಕ್ಕಳಿದ್ದಾರೆ."

ಪಂಪಿನಣ್ಣ ನೋಟೀಸು ಎತ್ತಿ ಮಡಚಿದ. "ನಿನ್ನ ಹೆಸರು ಬರೆಯಲ್ಲ," ಎಂದ. "ಪುಸ್ತಕದಲ್ಲಿ ಸಹಿ ನನ್ನದೂ ಇದೆ. ನನ್ನ ಸಹಿ ಸುಳ್ಳು ಅಂತ ನಾನು ಬರೀತೀನಿ. ಕೇಳಿದ್ರೆ ಮಾತ್ರ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲಪ್ಪ."

ಸೀಟಿ ತನಗೆ ಕೊಟ್ಟ ಟೀ ಕುಡಿಯದೆ ಎದ್ದು ಹೋದ. ಆ ರಾತ್ರಿ ಪಾಳಿಯಲ್ಲಿ ಅವನು ಸೀಟಿ ಹೊಡೆಯಲಿಲ್ಲ.

ಮೂರನೆಯ ದಿನ ಪಂಪಿನಣ್ಣ ಅರ್ಧ ದಿನ ರಜೆ ಹಾಕಿ ಕುಳಿತ. ಅವನು ಹೇಳುವುದು, ಅವಳು ಬರೆಯುವುದು. ಪ್ರತಿ ತಾರೀಕಿನ ಕಥೆಯನ್ನೂ ಅವನು ನೆನಪಿನಿಂದಲೇ ಹೇಳಿದ. ಯಾವ ದಿನ ಪಂಪು ಗಾಳಿ ಹಿಡಿಯಿತು, ಯಾವ ದಿನ ಪೈಪಿನ ಕವಾಟ ಬಿಗಿದುಕೊಂಡಿತ್ತು, ಎಲ್ಲವೂ ಅವನ ತಲೆಯಲ್ಲಿತ್ತು.

"ಎರಡು ದಿನ ಒಪ್ಪಿಕೊಂಡೆ ಅಂತಿಟ್ಕೋ," ಎಂದ, "ಅಷ್ಟಕ್ಕೇ ತೆಗೆದುಹಾಕಿದ್ರೆ?"

"ಎರಡು ಸಲಕ್ಕೆ ಪದೇ ಪದೇ ಅಂತಾರಾ?"

"ಪದೇ ಒಂದು, ಪದೇ ಎರಡು. ಲೆಕ್ಕ ಸರಿ ಇದೆಯಲ್ಲೇ!"

ಅವಳಿಗೆ ನಗು ಬಂದುಬಿಟ್ಟಿತು. ಅವನಿಗೆ ಬರಲಿಲ್ಲ. ಅವಳು ಬರೆದದ್ದನ್ನು ಓದಿದಳು:

'ಮಾನ್ಯರೇ, ತಮ್ಮ ನೋಟೀಸಿನಲ್ಲಿ ತಿಳಿಸಿದ ಹನ್ನೊಂದು ದಿನಗಳ ಪೈಕಿ ಒಂಬತ್ತು ದಿನ ನಾನು ಆರು ಗಂಟೆಯೊಳಗೆ ಪಂಪುಮನೆಯಲ್ಲಿ ಪಾಳಿ ವಹಿಸಿಕೊಂಡಿರುತ್ತೇನೆ. ಯಂತ್ರವು ಕಚೇರಿಯೊಳಗಿದ್ದು, ಕಚೇರಿ ಆರಕ್ಕೆ ತೆರೆಯುವುದರಿಂದ, ಒತ್ತಡ ಸ್ಥಿರವಾದ ಮೇಲಷ್ಟೇ ಅಲ್ಲಿಗೆ ಹೋಗಲು ಸಾಧ್ಯವಾಗಿರುತ್ತದೆ. ಆದ್ದರಿಂದ ಈ ಒಂಬತ್ತು ದಿನಗಳ ಆರೋಪವನ್ನು ನಾನು ಒಪ್ಪುವುದಿಲ್ಲ. ಆ ದಿನಗಳ ಒತ್ತಡದ ಚಾರ್ಟುಗಳನ್ನು ತರಿಸಿ ನೋಡಬೇಕೆಂದೂ, ನನ್ನನ್ನು ಖುದ್ದಾಗಿ ಕೇಳಬೇಕೆಂದೂ ಕೋರುತ್ತೇನೆ. ಉಳಿದ ಎರಡು ದಿನ ನಾನು ನಿಜವಾಗಿ ತಡವಾಗಿ ಬಂದಿರುತ್ತೇನೆ. ಒಂಬತ್ತನೇ ತಾರೀಕು ಸೈಕಲ್ ಕೆಟ್ಟಿತ್ತು. ಇಪ್ಪತ್ತೆರಡನೇ ತಾರೀಕು ನಿದ್ದೆ ಹೋಗಿದ್ದೆ. ಆ ಎರಡು ದಿನ ಪಾಳಿ ಪುಸ್ತಕದಲ್ಲಿ ಆರು ಗಂಟೆಗೆಂದು ನಾನು ಮಾಡಿದ ಸಹಿ ಸರಿಯಲ್ಲ.'

"ನಿದ್ದೆ ಅನ್ನೋದನ್ನ ಅನಾರೋಗ್ಯ ಅಂತ ಮಾಡಲಾ?"

"ಬೇಡ. ಅನಾರೋಗ್ಯಕ್ಕೆ ಡಾಕ್ಟರ ಚೀಟಿ ಕೇಳ್ತಾರೆ. ನಿದ್ದೆಗೆ ಚೀಟಿ ಇಲ್ಲ."

ಕಚೇರಿ ಮುಚ್ಚಲು ಅರ್ಧ ಗಂಟೆ ಇರುವಾಗ ಎರಡು ಪ್ರತಿ ಒಯ್ದ. ಗುಮಾಸ್ತೆ ಒಂದನ್ನು ಕಡತಕ್ಕೆ ಹಾಕಿ, ಇನ್ನೊಂದರ ಮೇಲೆ ಮೊಹರು ಒತ್ತಿ, ತಾರೀಕು ಹಾಕಿ ಕೊಟ್ಟಳು. ಕೊನೆಯ ಸಾಲಿನ ಮೇಲೆ ಅವಳ ಕಣ್ಣು ನಿಂತಿತು. "ಇದನ್ಯಾಕೆ ಬರೆದಿರಿ? ಅವರು ಕೇಳೇ ಇರಲಿಲ್ಲವಲ್ಲ ಅಣ್ಣಾ..."

ಆ ಮಾತು ಆರು ದಿನ ಅವನ ಎದೆಯಲ್ಲಿ ಕುಟ್ಟುತ್ತಲೇ ಇತ್ತು. ಪಾಳಿ ಬದಲಾಗುವಾಗ ಸೀಟಿ ಮುಖ ಕೊಟ್ಟು ಮಾತಾಡಲಿಲ್ಲ. ಪುಸ್ತಕ ಮುಂದಕ್ಕೆ ತಳ್ಳಿ ಹೋಗುತ್ತಿದ್ದ.

ಏಳನೆಯ ದಿನ ಕರೆ ಬಂತು. ನೋಟೀಸಿಗೆ ಸಹಿ ಹಾಕಿದ್ದ ಸಾಹೇಬರ ಮೇಜಿನ ಮೇಲೆ ಚಾರ್ಟುಗಳ ಕಟ್ಟು ಬಿಚ್ಚಿಕೊಂಡಿತ್ತು. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸ್ವಲ್ಪ ಬೇಗ ಬಂದು ಯಂತ್ರ ಒತ್ತಿ ಹೋಗೋಕೆ ಏನ್ರೀ ಕಷ್ಟ?"

"ಬೀಗ ತೆಗೆಯೋದೇ ಆರಕ್ಕೆ ಸಾರ್."

ಸಾಹೇಬರು ಗುಮಾಸ್ತೆಯ ಕಡೆ ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ಒಂಬತ್ತು ತಾರೀಕುಗಳ ಎದುರು ಪೆನ್ಸಿಲಿನಿಂದ ಗುರುತು ಹಾಕುತ್ತಾ ಬಂದು ಒಂದರ ಮೇಲೆ ನಿಂತರು. "ಹದಿನೇಳನೇ ತಾರೀಕಿನದು ಇಲ್ಲ."

ಪಂಪಿನಣ್ಣ ಮೇಜಿನ ಹತ್ತಿರ ಸರಿದ. "ಆ ದಿನ... ಆ ದಿನ ಆರೂ ಐದಕ್ಕೆ ದಿಬ್ಬದ ಟ್ಯಾಂಕಿನಿಂದ ಪಂಪುಮನೆಗೆ ಫೋನ್ ಬಂತು ಸಾರ್, ನೀರು ಏರ್ತಿಲ್ಲ ಅಂತ. ಎತ್ತಿದ್ದು ನಾನೇ. ಅವರ ಪುಸ್ತಕದಲ್ಲಿ ಇರುತ್ತೆ."

ಗುಮಾಸ್ತೆ ಫೋನ್ ಮಾಡಿ ಕೇಳಿದಳು. ಅತ್ತ ಕಡೆಯವನು ಹುಡುಕುವಷ್ಟು ಹೊತ್ತು ಪಂಪಿನಣ್ಣ ಅವಳ ಕೈಯ ಫೋನನ್ನೇ ನೋಡುತ್ತಾ ನಿಂತ. "ಇದೆ ಸಾರ್," ಎಂದಳು ಅವಳು. "ಆರೂ ಐದು. ಮಾತಾಡಿದ್ದು ಪಂಪಿನಣ್ಣ ಅಂತಲೇ ಬರೆದಿದ್ದಾರೆ."

ಸಾಹೇಬರು ಕೊನೆಯ ಎರಡು ಚಾರ್ಟು ಎತ್ತಿಕೊಂಡರು. ಗೆರೆಯ ಮೇಲೆ ಗೆರೆ. "ಈ ಎರಡು ದಿನ ಪಂಪು ಹಾಕಿದ್ದು ಯಾರು? ಪುಸ್ತಕದಲ್ಲಿ ಆರು ಅಂತ ಬರೆದದ್ದು ಯಾರು?"

ಪಂಪಿನಣ್ಣ ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ಯಾರೋ ಕೆಮ್ಮಿದರು. ರಾತ್ರಿ ಪಾಳಿ ಮುಗಿಸಿ, ಕೆಂಪು ಕಣ್ಣಿನಲ್ಲಿ, ಸೀಟಿ ನಿಂತಿದ್ದ.

"ನಾನು ಸಾರ್," ಎಂದ. "ನೀರು ನಿಲ್ಲಬಾರದು ಅಂತ ಪಂಪು ಹಾಕಿದೆ. ಆರು ಅಂತ ಬರೆದದ್ದು ಅಭ್ಯಾಸ ಬಲ."

ಸಾಹೇಬರು ಇಬ್ಬರನ್ನೂ ಹೊರಗೆ ಕಳಿಸಿದರು. ಮಧ್ಯಾಹ್ನ ಗುಮಾಸ್ತೆ ಆದೇಶ ತಂದು ಕೊಟ್ಟಳು. ಒಂಬತ್ತು ದಿನದ ಆರೋಪ ಕೈಬಿಡಲಾಗಿದೆ. ಎರಡು ದಿನದ ತಡಕ್ಕೆ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಲಾಗಿದೆ. ಪಂಪಿನಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಕೆಲಸ ಉಳಿದಿತ್ತು.

"ಇನ್ನೂ ಇದೆ," ಎಂದಳು ಗುಮಾಸ್ತೆ, ಮತ್ತೆರಡು ಹಾಳೆ ಚಾಚುತ್ತಾ. "ಪಾಳಿ ಪುಸ್ತಕದಲ್ಲಿ ತಪ್ಪು ಹೊತ್ತು ಬರೆದದ್ದಕ್ಕೆ ಕಾರಣ ಕೇಳಿ ನೋಟೀಸು. ಇಬ್ಬರಿಗೂ. ಏಳು ದಿನ ಟೈಮು."

ಸಂಜೆ ಸೀಟಿ ತನ್ನ ನೋಟೀಸು ಮಡಚಿ ಹಿಡಿದು ಮನೆಗೆ ಬಂದ. ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅತ್ತಿಗೆ, ನಂದೂ ನೀವೇ ಬರೆದುಕೊಡಿ. ಇದ್ದದ್ದು ಇದ್ದ ಹಾಗೆ ಬರೀರಿ, ಆದರೆ ಒಂದು ಮಾತು: ನಿದ್ದೆ ವಿಷಯ ಮಾತ್ರ ನನ್ನ ಹಾಳೆಗೆ ಸೇರಿಸಬೇಡಿ. ಅದು ಅಣ್ಣನದು."

"ಒಳಗೆ ಬಾರೋ ಮಾರಾಯ," ಎಂದ ಪಂಪಿನಣ್ಣ, ಚಾಪೆಯ ಮೇಲೆ ಜಾಗ ಬಿಡುತ್ತಾ.